ಭಾನುವಾರದ ರಸೀದಿ ಕೌಂಟರ್‌ಗೆ ನಾನು ಬರಲಾಗುತ್ತಿಲ್ಲ

ಅಧ್ಯಕ್ಷರಿಗೂ ಸಮಿತಿಯ ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ವಾರ್ಷಿಕೋತ್ಸವಕ್ಕೆ ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಸೇವಾ ರಸೀದಿ ಕೌಂಟರ್ ನನ್ನ ಪಾಲಿಗಿತ್ತು. ಸಭೆಯಲ್ಲಿ ನಾನೇ ಕೈ ಎತ್ತಿ ಒಪ್ಪಿಕೊಂಡಿದ್ದೆ. ಈಗ ಬರಲು ಆಗುತ್ತಿಲ್ಲ, ದಯವಿಟ್ಟು ಕ್ಷಮಿಸಿ.

ಮುಂದಿನ ವಾರ ಆಗಬೇಕಿದ್ದ ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಈ ಶನಿವಾರಕ್ಕೇ ಬಂದಿದೆ. ನಿನ್ನೆ ಸಂಜೆಯಷ್ಟೇ ಫೋನ್ ಬಂತು. ಭಾನುವಾರ ಬೆಳಿಗ್ಗೆ ಮತ್ತೆ ತಪಾಸಣೆಗೆ ಕರೆದುಕೊಂಡು ಹೋಗಬೇಕು, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ಮನೆಯಲ್ಲಿ ನಾನೊಬ್ಬನೇ. "ನೀನು ದೇವಸ್ಥಾನಕ್ಕೆ ಹೋಗು, ನಾನು ಹೇಗೋ ನೋಡ್ಕೋತೀನಿ" ಅಂತ ಅಮ್ಮ ಹೇಳುತ್ತಲೇ ಇದ್ದಾರೆ. ಬಿಟ್ಟು ಬರೋಕೆ ಆಗಲ್ಲ ಅಲ್ವಾ?

ಹೋದ ವರ್ಷ ನನ್ನ ಜೊತೆ ಕೌಂಟರ್‌ನಲ್ಲಿ ಕೂತಿದ್ದ ಗೆಳೆಯರನ್ನು ಕೇಳಿದೆ. ಅವರು 10 ಗಂಟೆಯ ಮೇಲೆ ಬರುತ್ತಾರೆ. 7ರಿಂದ 10ರವರೆಗೆ ಯಾರನ್ನಾದರೂ ನೀವೇ ನೋಡಬೇಕು. ಅಭಿಷೇಕಕ್ಕೆ ಮುಂಚೆ ರಶ್ ಜಾಸ್ತಿ, ಹಾಗಾಗಿ ಹೊಸಬರನ್ನು ಒಬ್ಬರನ್ನೇ ಕೂರಿಸಬೇಡಿ.

ಒಂದು ರಸೀದಿ ಪುಸ್ತಕ ನನ್ನ ಹತ್ತಿರ ಇದೆ. 1ರಿಂದ 38ರವರೆಗೆ ಹರಿದಿದೆ. 17ನೇ ರಸೀದಿ ಮಾತ್ರ ತಪ್ಪಾಗಿದ್ದರಿಂದ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಟ್ಟಿದ್ದೇನೆ. ಗುರುವಾರ ಸಂಜೆ ಪುಸ್ತಕ, ಹಣ, ಮೇಜಿನ ಬೀಗದ ಕೈ ಮೂರನ್ನೂ ಖಜಾಂಚಿಯವರ ಕೈಗೇ ಕೊಟ್ಟು, ಲೆಕ್ಕ ಒಪ್ಪಿಸಿ ಸಹಿ ಹಾಕಿಸಿಕೊಳ್ಳುತ್ತೇನೆ.

ಶುಕ್ರವಾರ ರಾತ್ರಿ ಮೇಜು, ಕುರ್ಚಿ ಜೋಡಿಸೋಕೆ ಬರುತ್ತೇನೆ. ಅದಕ್ಕೆ ನನ್ನ ಹೆಸರು ಹಾಗೇ ಇರಲಿ.