ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಗೆ ಗಣಿತದ ಮನೆಪಾಠ ಹೇಳುವವರು ಬೇಕಾಗಿದ್ದಾರೆ (ಮಾಳಮಡ್ಡಿ, ಧಾರವಾಡ)

ಮಾನ್ಯರೇ,

ನಮ್ಮ ಮಗಳು ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಅವಳಿಗೆ ಗಣಿತವನ್ನೂ ಭೌತವಿಜ್ಞಾನದ ಲೆಕ್ಕಗಳನ್ನೂ ಮಾಳಮಡ್ಡಿಯಲ್ಲಿರುವ ನಮ್ಮ ಮನೆಗೆ ಬಂದು ಕಲಿಸುವ ಶಿಕ್ಷಕಿ ಅಥವಾ ಶಿಕ್ಷಕರು ಬೇಕಾಗಿದ್ದಾರೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂಕಾಲು ತಾಸು ಪಾಠವಿರುತ್ತದೆ. ಗೌರವಧನ ತಿಂಗಳಿಗೆ ₹4,500. ನವೆಂಬರ್ ಮೊದಲ ವಾರದಲ್ಲಿ ಪಾಠ ಆರಂಭಿಸಿ, ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ನಡೆಸಬೇಕೆಂಬುದು ನಮ್ಮ ವಿಚಾರ. ಇಬ್ಬರಿಗೂ ಹೊಂದಿಕೆಯಾದರೆ ಹತ್ತನೆಯ ತರಗತಿಗೂ ತಾವೇ ಮುಂದುವರಿಸಬಹುದು.

ಮಗಳ ಕಲಿಕೆ ಈಗ ಯಾವ ಹಂತದಲ್ಲಿದೆ ಎಂಬುದನ್ನು ಮೊದಲೇ ತಿಳಿಸಿದರೆ ತಮಗೆ ನಿರ್ಧರಿಸಲು ಅನುಕೂಲವಾದೀತು. ರೇಖಾಗಣಿತದ ಚಿತ್ರಗಳನ್ನು ಅವಳು ಅಚ್ಚುಕಟ್ಟಾಗಿ ಬಿಡಿಸುತ್ತಾಳೆ, ಪ್ರಮೇಯದ ಸಾಧನೆಯನ್ನು ಹಂತಹಂತವಾಗಿ ಹೇಳಿಕೊಟ್ಟರೆ ಅರ್ಥಮಾಡಿಕೊಳ್ಳುತ್ತಾಳೆ. ಅವಳು ಎಡವುವುದು ಬೀಜಗಣಿತದಲ್ಲಿ. ಆವರಣದ ಹಿಂದೆ ಋಣ ಚಿಹ್ನೆ ಇದ್ದರೆ ಒಳಗಿನ ಎರಡನೆಯ ಪದದ ಚಿಹ್ನೆಯನ್ನು ಬದಲಿಸದೆ ಮುಂದೆ ಹೋಗುತ್ತಾಳೆ, (a + b)² ಎಂಬುದನ್ನು ಅವಸರದಲ್ಲಿ a² + b² ಎಂದು ಬರೆಯುತ್ತಾಳೆ, ಛೇದಗಳು ಬೇರೆಯಾಗಿರುವ ಭಿನ್ನರಾಶಿಗಳನ್ನು ಕೂಡಿಸುವಾಗ ಇಂದಿಗೂ ತಡವರಿಸುತ್ತಾಳೆ. ಇವು ಆರು, ಏಳು ಮತ್ತು ಎಂಟನೆಯ ತರಗತಿಗಳಲ್ಲಿ ಗಟ್ಟಿಯಾಗಬೇಕಿದ್ದ ಸಂಗತಿಗಳು. ಒಂಬತ್ತನೆಯ ತರಗತಿಯ ಬಹುಪದೋಕ್ತಿಗಳ ಅಧ್ಯಾಯದಲ್ಲಿ x² − 5x + 6 ರಂತಹ ಬಹುಪದೋಕ್ತಿಯನ್ನು ಅಪವರ್ತಿಸುವಾಗ ಅವಳಿಗೆ ವಿಧಾನ ನೆನಪಿರುತ್ತದೆ, ಆದರೆ ಚಿಹ್ನೆ ತಪ್ಪಿ ಉತ್ತರ ಕೆಡುತ್ತದೆ. ಮುಂದಿನ ವರ್ಷ ವರ್ಗ ಸಮೀಕರಣಗಳೂ ಸಮಾಂತರ ಶ್ರೇಢಿಗಳೂ ತ್ರಿಕೋನಮಿತಿಯೂ ಬರುತ್ತವೆ, ಅವೆಲ್ಲಕ್ಕೂ ಬೇಕಾಗುವುದು ಇದೇ ಕೈಚಳಕ.

ವಿಜ್ಞಾನದಲ್ಲಿಯೂ ಇದೇ ಕಾರಣ ಕಾಣುತ್ತಿದೆ. ಜೀವವಿಜ್ಞಾನವನ್ನೂ ರಸಾಯನವಿಜ್ಞಾನವನ್ನೂ ಅವಳು ತಾನೇ ಓದಿಕೊಳ್ಳುತ್ತಾಳೆ, ಅದಕ್ಕೆ ಪಾಠದ ಅಗತ್ಯವಿಲ್ಲ. ಚಲನೆಯ ಅಧ್ಯಾಯದಲ್ಲಿ ವೇಗೋತ್ಕರ್ಷ ಎಂದರೇನೆಂದು ಕೇಳಿದರೆ ಉದಾಹರಣೆ ಸಹಿತ ಹೇಳುತ್ತಾಳೆ. ಆದರೆ v = u + at ಸಮೀಕರಣದಲ್ಲಿ t ಕಂಡುಹಿಡಿಯಬೇಕಾದಾಗ ಪದಗಳನ್ನು ಆಚೀಚೆ ಒಯ್ಯಲು ಹೆದರುತ್ತಾಳೆ, ಗಂಟೆಗೆ ಕಿಲೋಮೀಟರಿನಲ್ಲಿರುವ ವೇಗವನ್ನು ಸೆಕೆಂಡಿಗೆ ಮೀಟರಿಗೆ ಬದಲಿಸುವುದನ್ನು ಮರೆಯುತ್ತಾಳೆ. ಆದ್ದರಿಂದ ವಿಜ್ಞಾನಕ್ಕೆಂದು ಬೇರೆ ಶಿಕ್ಷಕರನ್ನು ಹುಡುಕುವುದಕ್ಕಿಂತ, ಗಣಿತ ಕಲಿಸುವವರೇ ಚಲನೆ, ಬಲ, ಗುರುತ್ವ ಮತ್ತು ಕೆಲಸ–ಶಕ್ತಿಯ ಅಧ್ಯಾಯಗಳ ಲೆಕ್ಕಗಳನ್ನು ಜೊತೆಯಲ್ಲೇ ಮಾಡಿಸುವುದು ಸೂಕ್ತವೆಂದು ನಮಗೆ ತೋರಿದೆ.

ನಮ್ಮ ಮುಖ್ಯ ಕೋರಿಕೆ ಇದು: ಶಾಲೆಯ ಪಾಠಕ್ಕಿಂತ ಮುಂದೆ ಓಡಿಸಬೇಡಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ ಇರುವುದರಿಂದ ಈಗಿನಿಂದಲೇ ಹತ್ತನೆಯ ತರಗತಿಯ ಅಧ್ಯಾಯಗಳನ್ನು ಆರಂಭಿಸಬೇಕೆಂದು ಹಲವರು ನಮಗೆ ಸಲಹೆ ನೀಡಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇವೆ, ಆದರೂ ತಳಪಾಯ ಸರಿಯಾಗದೆ ಮುಂದಿನ ಪುಸ್ತಕ ತೆರೆದರೆ ಮಗುವಿನ ಅಂಜಿಕೆ ಇಮ್ಮಡಿಯಾಗುತ್ತದೆ ಎಂದು ನಾವು ನಂಬಿದ್ದೇವೆ. ಮೊದಲ ಎರಡು ತಿಂಗಳು ಭಿನ್ನರಾಶಿ, ಪೂರ್ಣಾಂಕಗಳು, ಘಾತಾಂಕ ಹಾಗೂ ಸರಳ ಸಮೀಕರಣಗಳಿಗೆ ಎಷ್ಟು ಹೊತ್ತು ಬೇಕೋ ಅಷ್ಟನ್ನೂ ಕೊಡಿ. ಅದರಿಂದ ಮುಂದಿನ ಕಿರುಪರೀಕ್ಷೆಯಲ್ಲಿ ಅಂಕಗಳು ಏರದಿದ್ದರೂ ನಾವು ತಮ್ಮನ್ನು ಪ್ರಶ್ನಿಸುವುದಿಲ್ಲ. ತಾವು ಲೆಕ್ಕ ಬಿಡಿಸಿ ತೋರಿಸಿ ಅವಳು ನಕಲು ಮಾಡಿಕೊಳ್ಳುವ ಪದ್ಧತಿ ಬೇಡ. ಅವಳು ಬಿಡಿಸಲಿ, ಎಲ್ಲಿ ತಪ್ಪಿತೆಂದು ತಾನೇ ಹುಡುಕುವಷ್ಟು ಹೊತ್ತು ತಾವು ತಾಳ್ಮೆಯಿಂದ ಕಾಯಬೇಕು. ಗೈಡುಗಳನ್ನು ಬಳಸುವುದು ನಮಗೆ ಇಷ್ಟವಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳಲ್ಲಿರುವ ಉದಾಹರಣೆಗಳನ್ನೂ ಅಭ್ಯಾಸದ ಲೆಕ್ಕಗಳನ್ನೂ ಪೂರ್ತಿಯಾಗಿ ಮಾಡಿದರೆ ಸಾಕು. ಬೈಗುಳ, ಹೊಡೆತ, ಬೇರೆ ಮಕ್ಕಳೊಂದಿಗೆ ಹೋಲಿಕೆ ಇವು ಯಾವ ಸಂದರ್ಭದಲ್ಲಿಯೂ ಒಪ್ಪಿತವಲ್ಲ.

ಸಮಯ ಹೀಗಿದೆ. ಸೋಮವಾರ, ಬುಧವಾರ ಮತ್ತು ಶುಕ್ರವಾರ ಸಂಜೆ 6ರಿಂದ 7.15ರವರೆಗೆ ಗಣಿತ, ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ ಇರುವುದರಿಂದ ಅಂದು ಸಂಜೆ 4.30ರಿಂದ 5.45ರವರೆಗೆ ಭೌತವಿಜ್ಞಾನದ ಲೆಕ್ಕಗಳು. ಅರ್ಧ ತಾಸು ಹಿಂದೆಮುಂದೆ ಆಗುವುದಕ್ಕೆ ನಮ್ಮ ಅಡ್ಡಿಯಿಲ್ಲ, ಆದರೆ ರಾತ್ರಿ 8ರ ನಂತರದ ಪಾಠ ಬೇಡ. ಮಂಗಳವಾರ ಮತ್ತು ಗುರುವಾರ ಅವಳು ಹಿಂದೂಸ್ತಾನಿ ಗಾಯನ ಕಲಿಯಲು ಹೋಗುತ್ತಾಳೆ. ಪರೀಕ್ಷೆಯ ಕಾರಣಕ್ಕೆ ಸಂಗೀತವನ್ನು ಬಿಡಿಸುವ ಉದ್ದೇಶ ನಮಗಿಲ್ಲವಾದ್ದರಿಂದ ಆ ಎರಡು ದಿನಗಳನ್ನು ಕೇಳಬಾರದಾಗಿ ವಿನಂತಿ. ಪಾಠ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ, ಆ ಹೊತ್ತಿನಲ್ಲಿ ನಮ್ಮ ಅತ್ತೆಯವರು ಮನೆಯಲ್ಲೇ ಇರುತ್ತಾರೆ.

ಗೌರವಧನವನ್ನು ಪ್ರತಿ ತಿಂಗಳು 5ನೆಯ ತಾರೀಖಿನೊಳಗೆ ತಮ್ಮ ಖಾತೆಗೆ ಜಮಾ ಮಾಡುತ್ತೇವೆ. ಸಪ್ತಾಪುರ, ವಿದ್ಯಾಗಿರಿಯಂತಹ ಹತ್ತಿರದ ಬಡಾವಣೆಗಳನ್ನು ಬಿಟ್ಟು ದೂರದಿಂದ ಬರುವವರಿಗೆ ಪ್ರಯಾಣದ ಖರ್ಚಿಗೆಂದು ₹500 ಸೇರಿಸಿ ಕೊಡಬಲ್ಲೆವು. ಒಟ್ಟು ₹5,000ಕ್ಕಿಂತ ಹೆಚ್ಚು ಕೊಡುವ ಶಕ್ತಿ ಸದ್ಯಕ್ಕೆ ನಮಗಿಲ್ಲ ಎಂಬುದನ್ನು ಸಂಕೋಚವಿಲ್ಲದೆ ತಿಳಿಸುತ್ತಿದ್ದೇವೆ. ನಮ್ಮ ಕಡೆಯಿಂದ ಪಾಠ ತಪ್ಪಿದರೆ ಹಣ ಕಡಿತ ಮಾಡುವುದಿಲ್ಲ. ತಮಗೆ ಬರಲಾಗದ ದಿನದ ಪಾಠವನ್ನು ಅದೇ ತಿಂಗಳೊಳಗೆ ಬೇರೊಂದು ದಿನ ತೆಗೆದುಕೊಳ್ಳಬೇಕು. ಮೊದಲು ಎರಡು ಪಾಠಗಳನ್ನು ಪ್ರಾಯೋಗಿಕವಾಗಿ ನಡೆಸೋಣ. ಅವು ಉಚಿತವಲ್ಲ, ಮುಂದುವರಿಯಲಿ ಬಿಡಲಿ, ಒಂದೊಂದಕ್ಕೆ ₹300ರಂತೆ ಅಂದೇ ಕೊಡುತ್ತೇವೆ. ಎರಡು ಪಾಠಗಳ ನಂತರ ಮಗಳ ಅಭಿಪ್ರಾಯವನ್ನೂ ಕೇಳಿ ತೀರ್ಮಾನ ತಿಳಿಸುತ್ತೇವೆ.

ಗಣಿತವನ್ನು ಒಂದು ವಿಷಯವಾಗಿ ಓದಿದ ಬಿ.ಎಸ್ಸಿ. ಪದವೀಧರರು, ಬಿ.ಇಡಿ. ಓದುತ್ತಿರುವವರು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿರುವವರು, ನಿವೃತ್ತ ಶಿಕ್ಷಕರು ಎಲ್ಲರಿಗೂ ಸ್ವಾಗತವಿದೆ. ಕನ್ನಡದಲ್ಲಿಯೇ ಗಣಿತ ಕಲಿಸಬಲ್ಲವರಾಗಿರಬೇಕು. ಸದ್ಯ ಶಾಲೆಯಲ್ಲಿ ಶಿಕ್ಷಕರಾಗಿ ಸೇವೆಯಲ್ಲಿರುವವರು ದಯವಿಟ್ಟು ಅನ್ಯಥಾ ಭಾವಿಸಬಾರದು: ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ನಿಷೇಧಿಸುವುದರಿಂದ ಅವರನ್ನು ನಾವು ಕೇಳಿಕೊಳ್ಳುತ್ತಿಲ್ಲ.

ಆಸಕ್ತರು ಅಕ್ಟೋಬರ್ 25ರೊಳಗೆ ಈ ಸಂದೇಶಕ್ಕೆ ಉತ್ತರವಾಗಿ ತಮ್ಮ ವಿದ್ಯಾರ್ಹತೆ, ಈ ಹಿಂದೆ ಪಾಠ ಹೇಳಿದ ಅನುಭವ ಮತ್ತು ತಮಗೆ ಅನುಕೂಲವಾದ ವೇಳೆಯನ್ನು ಬರೆದು ಕಳುಹಿಸಬೇಕು. ಅದರ ಜೊತೆಗೆ, (−3) × (−4) ಏಕೆ 12 ಆಗುತ್ತದೆ ಎಂಬುದನ್ನು ನಿಯಮವನ್ನಷ್ಟೇ ಹೇಳದೆ ಒಂಬತ್ತನೆಯ ತರಗತಿಯ ಮಗುವಿಗೆ ಮನವರಿಕೆಯಾಗುವಂತೆ ನಾಲ್ಕೈದು ಸಾಲುಗಳಲ್ಲಿ ಬರೆದರೆ ಬಹಳ ಸಂತೋಷ. ಪದವಿಯ ಅಂಕಪಟ್ಟಿಗಿಂತ ಆ ನಾಲ್ಕು ಸಾಲುಗಳನ್ನೇ ನಾವು ಹೆಚ್ಚು ಗಮನವಿಟ್ಟು ಓದುತ್ತೇವೆ. ಬರೆದ ಪ್ರತಿಯೊಬ್ಬರಿಗೂ ಅಕ್ಟೋಬರ್ 28ರೊಳಗೆ ಉತ್ತರ ಕೊಡುತ್ತೇವೆ.

ವಂದನೆಗಳೊಂದಿಗೆ,
ವಿದ್ಯಾರ್ಥಿನಿಯ ತಾಯಿ
ಮಾಳಮಡ್ಡಿ, ಧಾರವಾಡ