ಅಕ್ಕನ ಲಗ್ನಪತ್ರಿಕೆಯ ಮೊದಲ ಪ್ರೂಫ್ ನೋಡಿ ತಮ್ಮನಿಗೆ ಬರೆದದ್ದು

ಪ್ರವೀಣ,

ನೀನು ಕಳಿಸಿದ ಪತ್ರಿಕೆಯ ಲೇಔಟ್ ನೋಡಿದೆ. ಮೊಬೈಲಿನಲ್ಲಿ ನೋಡಿದ್ದು ಸಾಲದೆ 5x7 ಇಂಚಿನಲ್ಲಿ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಪತ್ರಿಕೆ ಓದುವುದು ಕೈಯಲ್ಲಿ ಹಿಡಿದೇ ಅಲ್ವಾ, ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ನಿಜ ಗೊತ್ತಾಗುವುದಿಲ್ಲ.

ಬಣ್ಣ ಚೆನ್ನಾಗಿದೆ. ಕೆನೆ ಬಣ್ಣದ ಕಾಗದ, ಕಡುಗೆಂಪು ಅಕ್ಷರ, ಇದನ್ನು ಬದಲಿಸಬೇಡ. ಮೇಲಿನ ಗಣಪತಿಯ ಗೆರೆಚಿತ್ರವೂ ಅಳತೆಯಲ್ಲಿದೆ. ತೊಂದರೆ ಅದರ ಕೆಳಗೆ ಶುರುವಾಗುತ್ತದೆ.

ನೇರವಾಗಿ ಹೇಳುತ್ತೇನೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಅಂತ ಎರಡು ಕಾಲಂ ಮಾಡಿ, ಕನ್ನಡದಲ್ಲಿ ಇರುವ ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಮತ್ತೆ ಹಾಕಿದ್ದೀಯ. ಅದಕ್ಕೇ ಜಾಗ ಸಾಲದೆ ಅಕ್ಷರ 7 ಪಾಯಿಂಟಿಗೆ ಇಳಿದಿದೆ. ಅದು ಸಪ್ಪೆಯಾಗಿ ಕಂಡಿದ್ದಕ್ಕೆ ಹೆಸರು, ಹೆಡ್ಡಿಂಗುಗಳಿಗೆ ಬಳ್ಳಿ ಬಳ್ಳಿಯ ಫಾಂಟ್ ತಂದಿದ್ದೀಯ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಕನ್ನಡ ಯಾರು ಓದುತ್ತಾರೆ, ಇಂಗ್ಲಿಷ್ ಯಾರು ಓದುತ್ತಾರೆ ಅನ್ನುವುದನ್ನು ಮೊದಲು ತೀರ್ಮಾನ ಮಾಡು.

ಇಂಗ್ಲಿಷ್ ಓದುವವರು ಭಾವನ ಆಫೀಸಿನವರು, ಪುಣೆ ಕಡೆಯ ಸ್ನೇಹಿತರು. ಅವರಿಗೆ ಬೇಕಾದ್ದು ನಾಲ್ಕೇ ಸಂಗತಿ: ಯಾರ ಮದುವೆ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ. ‘ಶ್ರೀ ಪರಾಭವ ನಾಮ ಸಂವತ್ಸರದ ವೈಶಾಖ ಶುದ್ಧ ದಶಮಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಸಾಲು ಬರೆದರೆ ಅವರೂ ಓದುವುದಿಲ್ಲ, ನಮ್ಮವರೂ ಓದುವುದಿಲ್ಲ. ಅದು ಕನ್ನಡದಲ್ಲಿ ಮಾತ್ರ ಇರಲಿ. ಇಂಗ್ಲಿಷಿಗೆ ಏಪ್ರಿಲ್ 26, ಭಾನುವಾರ, ಸಮಯ, ಪಿ.ಬಿ. ರಸ್ತೆಯ ಮಂಟಪ, ದಾವಣಗೆರೆ. ಆರು ಸಾಲಿನಲ್ಲಿ ಮುಗಿಯುತ್ತದೆ. ಕಾಲಂ ತೆಗೆದುಹಾಕಿ ಕನ್ನಡವನ್ನು ಪೂರ್ತಿ ಅಗಲಕ್ಕೆ ಹರಡು, ಇಂಗ್ಲಿಷನ್ನು ಕೆಳಗೆ ಒಂದೇ ಕಡೆ ಕೂರಿಸು.

‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಮಾತ್ರ ಒಂದು ಹೆಸರೂ ಕಡಿಮೆ ಮಾಡಬೇಡ. ಹೊಳಲ್ಕೆರೆ ಕಡೆಯ ಸೋದರಮಾವಂದಿರು, ಹಿರಿಯೂರಿನ ಅತ್ತೆ ಮನೆಯವರು, ಎಲ್ಲರೂ ಪತ್ರಿಕೆ ಕೈಗೆ ಬಂದ ತಕ್ಷಣ ಹುಡುಕುವುದು ಅದನ್ನೇ. ಒಂದು ಹೆಸರು ಬಿಟ್ಟುಹೋದರೆ ಮದುವೆ ಮುಗಿದರೂ ಮಾತು ಮುಗಿಯುವುದಿಲ್ಲ. ಆದರೆ ಆ ಪಟ್ಟಿ ಎರಡೂ ಭಾಷೆಯಲ್ಲಿ ಯಾಕೆ? ಕನ್ನಡದಲ್ಲಿ ಮಾತ್ರ, ಹಿಂಬದಿಯಲ್ಲಿ, 10 ಪಾಯಿಂಟಿನಲ್ಲಿ ಹಾಕು. ಹಿಂಬದಿ ಈಗ ಖಾಲಿ ಬಿದ್ದಿದೆ.

ಇನ್ನು ಫಾಂಟು. ‘ಕಾರ್ತಿಕ್ ವೆಡ್ಸ್ ಐಶ್ವರ್ಯ’ ಅನ್ನುವ ಇಂಗ್ಲಿಷ್ ಸಾಲನ್ನು Great Vibes ಫಾಂಟಿನಲ್ಲಿ ಪೂರ್ತಿ ಕ್ಯಾಪಿಟಲ್ ಅಕ್ಷರ ಮಾಡಿ ಹಾಕಿದ್ದೀಯ. ಆ ಥರದ ಫಾಂಟಿನಲ್ಲಿ ಕ್ಯಾಪಿಟಲ್ ಅಕ್ಷರ ಇರುವುದು ಹೆಸರಿನ ಮೊದಲಿಗೆ ಒಂದೇ ಒಂದು ಬರಲಿ ಅಂತ. ಅದರ ಸುರುಳಿಗೆ ಪಕ್ಕದಲ್ಲಿ ಸಣ್ಣ ಅಕ್ಷರ ಬೇಕು. ಎಲ್ಲವೂ ಸುರುಳಿಯಾದರೆ ಒಂದರೊಳಗೊಂದು ಸಿಕ್ಕಿಕೊಂಡು ಯಾವ ಅಕ್ಷರ ಯಾವುದು ಅಂತಲೇ ತಿಳಿಯುವುದಿಲ್ಲ. ಮೊದಲಕ್ಷರ ಮಾತ್ರ ಕ್ಯಾಪಿಟಲ್ ಮಾಡು. ಆ ಫಾಂಟ್ ಎರಡು ಹೆಸರಿಗೆ ಬಿಟ್ಟು ಬೇರೆಲ್ಲೂ ಬೇಡ. ಸಮಯ, ವಿಳಾಸಕ್ಕಂತೂ ಬೇಡವೇ ಬೇಡ.

ಕನ್ನಡದ ಹೆಸರು ನೋಡಿ ನನಗೆ ನಿಜವಾಗಿ ಬೇಸರವಾಯಿತು. ಇಂಗ್ಲಿಷಿಗೆ ಹೊಂದಲಿ ಅಂತ ಕನ್ನಡ ಅಕ್ಷರವನ್ನು ಬಲಕ್ಕೆ ವಾಲಿಸಿ, ತಲೆಕಟ್ಟಿಗೂ ಬಾಲಕ್ಕೂ ಬಳ್ಳಿ ಎಳೆದಿದ್ದೀಯ. ‘ಐಶ್ವರ್ಯ’ ಅನ್ನುವುದನ್ನು ಹತ್ತಿರದಿಂದ ನೋಡು. ‘ಶ’ ಕೆಳಗಿನ ‘ವ’ ಒತ್ತಿನ ಬಾಲ ಕೆಳಸಾಲಿನ ‘ಇವಳ ವಿವಾಹ’ದ ತಲೆಕಟ್ಟಿಗೆ ತಾಗಿದೆ. ‘ರ್ಯ’ದ ಅರ್ಕಾವತ್ತು ನೀನೇ ಸೇರಿಸಿದ ಬಳ್ಳಿಯೊಳಗೆ ಮುಚ್ಚಿಹೋಗಿದೆ. ಅರ್ಕಾವತ್ತು ಕಾಣದಿದ್ದರೆ ಅದು ‘ಐಶ್ವಯ’ ಆಗುತ್ತದೆ. ಹುಡುಗಿಯ ಹೆಸರೇ ತಪ್ಪಾದ ಹಾಗೆ. ಕನ್ನಡದ ಅಂದ ಅದರ ಗುಂಡನೆಯ ರೂಪದಲ್ಲೇ ಇದೆ, ವಾಲಿಸುವುದು ಬೇಡ. ಹೆಸರಿಗೆ Noto Serif Kannada ಬೋಲ್ಡ್, 22 ಪಾಯಿಂಟ್, ಸುತ್ತ ಖಾಲಿ ಜಾಗ. ಅಷ್ಟೇ ಸಾಕು, ತಾನಾಗಿಯೇ ಎದ್ದು ಕಾಣುತ್ತದೆ.

ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಇಟ್ಟಿದ್ದೀಯ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಅಕ್ಷರದ ಸೈಜಿನ 120 ಪರ್ಸೆಂಟ್ ಸಾಕಾದರೆ ಕನ್ನಡಕ್ಕೆ 150ರ ಹತ್ತಿರ ಬೇಕು. ಸಾಲನ್ನು ಅಗಲಕ್ಕೆ ತುಂಬಿಸಲು ಕನ್ನಡ ಅಕ್ಷರಗಳ ನಡುವೆ ಸ್ಪೇಸ್ ಎಳೆದದ್ದನ್ನೂ ತೆಗಿ. ‘ಆ ರ ತ ಕ್ಷ ತೆ’ ಅಂತ ಬಿಡಿಬಿಡಿಯಾಗಿ ಕಾಣುತ್ತಿದೆ.

ಕೆಳಗಿನ ಸಣ್ಣ ಸಾಲಿನಲ್ಲಿ ‘ಮುಹೂರ್ತ’ ಒಡೆದಿದೆ, ಗಮನಿಸಿದೆಯಾ? ‘ರ್’ ಒಂದು ಕಡೆ, ‘ತ’ ಒಂದು ಕಡೆ ನಿಂತಿದೆ. ಮೇಲೆ ಸರಿಯಾಗಿ ಬಂದು ಕೆಳಗೆ ಮಾತ್ರ ಹೀಗಾಗಿದೆ ಅಂದರೆ ಆ ಒಂದು ಲೇಯರಿನಲ್ಲಿ ಸೆಟ್ಟಿಂಗ್ ಬದಲಾಗಿದೆ. ಫೋಟೋಶಾಪಿನಲ್ಲಿ ಆ ಲೇಯರ್ ಆಯ್ಕೆ ಮಾಡಿ Type ಮೆನುವಿನ Language Options ಒಳಗೆ ಹೋಗಿ World-Ready Layout ಒತ್ತು. ಹಳೆಯ ವರ್ಷನ್ನಿನಲ್ಲಿ ಅದರ ಹೆಸರು Middle Eastern and South Asian ಅಂತ ಇರುತ್ತದೆ. ಆಮೇಲೆ ಪ್ರತಿ ಒತ್ತನ್ನೂ ಒಂದೊಂದಾಗಿ ನೋಡು.

ಅಂಕಿ ಒಂದು ಕಡೆ ೨೬, ಇನ್ನೊಂದು ಕಡೆ 26 ಇದೆ. ಯಾವುದಾದರೂ ಒಂದೇ ಇರಲಿ. ಫೋನ್ ನಂಬರ್ ಹೇಗೂ 0–9ರಲ್ಲಿ ಇರುವುದರಿಂದ ಅದನ್ನೇ ಎಲ್ಲ ಕಡೆ ಹಾಕು.

ನಾಲ್ಕು ಮೂಲೆಗೂ ಅಂಟಿಸಿದ ಹಾಗೆ ಅಕ್ಷರ ಇಟ್ಟಿದ್ದೀಯ. ಎಡಗಡೆ ಕೆಳಮೂಲೆಯಲ್ಲಿ ಮಂಟಪದ ವಿಳಾಸ, ಬಲಮೂಲೆಯಲ್ಲಿ ಫೋನ್ ನಂಬರ್. ಅಮ್ಮ ಮೂಲೆ ಮೂಲೆಗೆ ಅರಿಶಿನ ಹಚ್ಚಿಯೇ ಹಂಚುವುದು. ಆ ವಿಳಾಸದ ಮೇಲೆ ಅರಿಶಿನ ಮೆತ್ತಿಕೊಂಡರೆ ಯಾರು ಓದುತ್ತಾರೆ? ಮೂಲೆಗೆ ಒಂದು ಬೆರಳಗಲವಾದರೂ ಖಾಲಿ ಬಿಡು.

ಗೋಲ್ಡ್ ಫಾಯಿಲ್ ಹೆಸರಿಗೆ ಮತ್ತು ಗಣಪತಿಗೆ ಮಾತ್ರ. ಕೂದಲೆಳೆಯಂಥ ಗೆರೆಗೆ ಫಾಯಿಲ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಲ್ಲಿ ತುಂಡಾಗುತ್ತದೆ. ಈಗಿನ ಬಳ್ಳಿಗಳಲ್ಲಿ ಅಂಥ ಗೆರೆಯೇ ಜಾಸ್ತಿ. ಮಂಟಪದ ದಾರಿಗೆ ಹಾಕಿದ ಕ್ಯೂಆರ್ ಕೋಡನ್ನೂ ಚಿನ್ನದ ಬಣ್ಣದಲ್ಲಿ ಮಾಡಿದ್ದೀಯ. ಬೆಳಕು ಬಿದ್ದರೆ ಹೊಳೆದು ಸ್ಕ್ಯಾನ್ ಆಗುವುದು ಕಷ್ಟ. ಅದು ಕಪ್ಪಾಗಿರಲಿ, 2 ಸೆಂಟಿಮೀಟರಿಗೆ ಕಡಿಮೆ ಬೇಡ, ಸುತ್ತ ಖಾಲಿ ಅಂಚು ಇರಲಿ. ಚಿತ್ರದುರ್ಗದ ಕಡೆಯಿಂದ ಹೈವೇಯಲ್ಲಿ ಬರುವವರು ಅದನ್ನೇ ನಂಬಿಕೊಂಡು ಬರುತ್ತಾರೆ.

ಅಜ್ಜನ ಹೆಸರು ಈಗ ತಂದೆ ತಾಯಿ ಹೆಸರಿಗಿಂತ ಕೆಳಗೆ, ಸಣ್ಣದಾಗಿ ಹೋಗಿದೆ. ಅದನ್ನು ಮೇಲೆ ತಾ. ಎರಡೂ ಮನೆಯ ಹಿರಿಯರ ಹೆಸರು ಒಂದೇ ಸೈಜಿನಲ್ಲಿರಲಿ, ಬೀಗರ ಕಡೆ ಸಣ್ಣದಾಗಬಾರದು.

ಇಷ್ಟು ಬದಲಿಸಿ ಶುಕ್ರವಾರದೊಳಗೆ ಕಳಿಸು. ಪ್ರೆಸ್ಸಿಗೆ ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿಯೇ ಕೊಡಬೇಕು, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಈ ಫಾಂಟ್ ಇಲ್ಲದೆ ಬೇರೇನೋ ಬಂದು ಕೂರುತ್ತದೆ. ಕರ್ವ್ ಆದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ಹಾಗಾಗಿ ಅದಕ್ಕೂ ಮೊದಲು ಪ್ರಿಂಟ್ ತೆಗೆದು ಅಪ್ಪನ ಕೈಲಿ ಹೆಸರುಗಳನ್ನೂ, ಅಜ್ಜಿಯ ಕೈಲಿ ಉಳಿದದ್ದನ್ನೂ ಓದಿಸು. ಅಜ್ಜಿ ಕನ್ನಡಕ ಹಾಕಿಕೊಂಡು ತಡವರಿಸದೆ ಓದಿದರೆ ಪ್ರೆಸ್ಸಿಗೆ ಕೊಡು.

ನಿನ್ನ ಶಿವಣ್ಣ