ಬಲಿ: ಕಾಣಿಕೆಯೇ, ಸಹಭೋಜನವೇ, ಹಿಂಸೆಯೇ?

ಮಾನವಶಾಸ್ತ್ರಜ್ಞ ಟೈಲರ್ 1871ರಲ್ಲಿ ಬಲಿಯನ್ನು ದೇವತೆಗೆ ಕೊಡುವ ಕಾಣಿಕೆ ಎಂದರು. ಸೆಮಿಟಿಕ್ ಧರ್ಮಗಳ ವಿದ್ವಾಂಸ ರಾಬರ್ಟ್‌ಸನ್ ಸ್ಮಿತ್ ಅದನ್ನು ದೇವರೂ ಕುಲವೂ ಕೂಡಿ ಉಣ್ಣುವ ಊಟವೆಂದರು. ಗ್ರೀಕರ ಬಲಿಗೆ ಎರಡನೆಯದು ಚೆನ್ನಾಗಿ ಒಪ್ಪುತ್ತದೆ: ಮೂಳೆ, ಕೊಬ್ಬು ಬೆಂಕಿಗೆ, ಮಾಂಸ ನೆರೆದವರಿಗೆ. ಆದರೆ ಮಾಂಸವನ್ನೆಲ್ಲ ಸುಟ್ಟುಬಿಡುವ ಹೀಬ್ರೂ ದಹನಬಲಿಯಲ್ಲಿ ಉಣ್ಣಲು ಏನು ಉಳಿಯುತ್ತದೆ?

1899ರಲ್ಲಿ ಫ್ರೆಂಚ್ ಸಮಾಜಶಾಸ್ತ್ರಜ್ಞರಾದ ಯೂಬೆರ್ ಮತ್ತು ಮೋಸ್ ವೈದಿಕ, ಹೀಬ್ರೂ ವಿಧಿಗಳನ್ನು ಜೊತೆಗಿಟ್ಟು ನೋಡಿದರು. ದೀಕ್ಷೆಯಿಂದ ಯಜ್ಞದ ಕೊನೆಯ ಅವಭೃಥ ಸ್ನಾನದವರೆಗೆ ಯಜ್ಞ ಮಾಡಿಸುವ ಯಜಮಾನ ಪವಿತ್ರದೊಳಕ್ಕೆ ಹೊಕ್ಕು ಮರಳುವ ಕ್ರಮವನ್ನು ಅವರು ವಿವರಿಸಿದ ರೀತಿ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಸಮುದಾಯದ ಒಳಗಿನ ಹಿಂಸೆಯನ್ನು ಬಲಿಪಶುವಿನ ಮೇಲೆ ಹೊರಿಸುವುದೇ ಬಲಿಯ ಮೂಲವೆಂದು ಫ್ರೆಂಚ್ ಚಿಂತಕ ಗಿರಾರ್ 1972ರಲ್ಲಿ ವಾದಿಸಿದರು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಹೀಬ್ರೂ ಬೈಬಲ್ಲಿನ ಲೇವಿಯರ ನಿಯಮದಲ್ಲಿ ಹಕ್ಕಿಯನ್ನೂ ತರಲಾಗದ ಬಡವನ ಪಾಪಪರಿಹಾರಕ್ಕೆ ಹಿಟ್ಟೇ ಸಾಕು. ವೈದಿಕರು ಯಜ್ಞದಲ್ಲಿ ಅರ್ಪಿಸುವ ರೊಟ್ಟಿಯಾದ ಪುರೋಡಾಶವೂ ಧಾನ್ಯದ್ದೇ. ರಕ್ತವಿಲ್ಲದ ಈ ಅರ್ಪಣೆಗಳಿಗೆ ಗಿರಾರ್ ಅವರ ಸಿದ್ಧಾಂತದಲ್ಲಿ ಜಾಗವೇ ಕಾಣುವುದಿಲ್ಲ.